ಸಂಜೆ ಬ್ಯಾಚ್ ಬೇಡ, ಮುಂಜಾನೆ ಏಳಕ್ಕೆ ಬಾಗಿಲು ತೆರೆಯಿರಿ

ಇವರಿಗೆ,
ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯ ಅಧಿಕಾರಿಗಳು, ಕರ್ನಾಟಕ ಸರ್ಕಾರ
ಹಾಗೂ
ಮಾನ್ಯ ಜಿಲ್ಲಾಧಿಕಾರಿಗಳು, ಧಾರವಾಡ ಜಿಲ್ಲೆ

ಮಾನ್ಯರೇ,

ನಾನು ಹುಬ್ಬಳ್ಳಿಯ ಒಂದು ವಾಲ್ವ್ ಕಾರ್ಖಾನೆಯಲ್ಲಿ 34 ವರ್ಷ ಲೇತ್ ಮುಂದೆ ನಿಂತವನು. ಟರ್ನರ್ ಆಗಿ ಸೇರಿದೆ. ಕೊನೆಯ 12 ವರ್ಷ ಸಿಎನ್‌ಸಿ ಸೆಟ್ಟರ್, ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನಿಂದ ಓಡುವ ಲೇತನ್ನು ಹೊಂದಿಸಿಕೊಡುವವನು ಆಗಿದ್ದು 2018ರಲ್ಲಿ ನಿವೃತ್ತನಾದೆ. ಈಗ ಗೋಕುಲ ರೋಡಿನ ಕಡೆ ಮಗನ ಮನೆಯಲ್ಲಿದ್ದೇನೆ. ಈ ಪತ್ರ ನನಗಾಗಿ ಬರೆಯುತ್ತಿಲ್ಲ. ನಮ್ಮ ಮನೆಗೆ ಊಟದ ಪಾರ್ಸಲ್ ತಂದುಕೊಟ್ಟ ಒಬ್ಬ ಹುಡುಗ ನಾಲ್ಕು ವರ್ಷದಲ್ಲಿ ಸೆಟ್ಟರ್ ಆದ. ಅವನು ಹೇಗೆ ಆದ, ಎಲ್ಲೆಲ್ಲಿ ಮುಗ್ಗರಿಸಿದ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದನ್ನು ನಿಮ್ಮ ಮುಂದೆ ಇಟ್ಟು ಒಂದು ಕೆಲಸ ಕೇಳಬೇಕಾಗಿದೆ: ಇಂಥ ಹುಡುಗರು ಕಲಿಯಲು ಸರ್ಕಾರಿ ತರಬೇತಿ ಕೇಂದ್ರದ ಒಂದು ಸಿಎನ್‌ಸಿ ಲೇತನ್ನು ಮುಂಜಾನೆ ಏಳರಿಂದ ಒಂಬತ್ತರವರೆಗೆ ತೆರೆದಿಡಿ. ಹೆಸರು ಹಾಕಬೇಡಿ ಎಂದು ಅವನು ಹೇಳಿದ್ದಾನೆ, ಹಾಗಾಗಿ ಹುಡುಗ ಎಂದೇ ಬರೆಯುತ್ತೇನೆ.

2021ರ ಮಳೆಗಾಲ. ರಾತ್ರಿ ಒಂಬತ್ತೂವರೆ ಆಗಿತ್ತು. ಸೊಸೆ ಊಟಕ್ಕೆ ಆರ್ಡರ್ ಮಾಡಿದ್ದಳು. ಬಂದ ಹುಡುಗನ ಜರ್ಕಿನ್ ತೊಯ್ದು ತೊಪ್ಪೆಯಾಗಿತ್ತು, ಪಾರ್ಸಲ್ ಮಾತ್ರ ಒಣಗಿತ್ತು. ಮಳೆ ಸ್ವಲ್ಪ ತಗ್ಗಲಿ ಎಂದು ನಾನೇ ಒಳಗೆ ಕರೆದೆ. ಟೇಬಲ್ ಮೇಲೆ ನನ್ನ ಹಳೆಯ ವರ್ನಿಯರ್ ಮತ್ತು ಎರಡು ಸ್ಟೇನ್‌ಲೆಸ್ ಸ್ಟೀಲ್ ವಾಲ್ವ್ ಸ್ಟೆಮ್‌ಗಳಿದ್ದವು. ಸ್ಟೆಮ್ ಎಂದರೆ ವಾಲ್ವಿನ ಚಕ್ರ ತಿರುಗಿಸಿದಾಗ ಮೇಲೆ ಕೆಳಗೆ ಆಡುವ ದಂಡು, ಅಂದರೆ ದುಂಡು ಸರಳು.

"ಕಾಕಾರ, ಇದು ಸಿಎನ್‌ಸಿ ಒಳಗ ಆಗಿದ್ದೇನ್ರಿ?" ಎಂದು ಕೇಳಿದ.

ಪಾರ್ಸಲ್ ಹುಡುಗನ ಬಾಯಲ್ಲಿ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಕೇಳಿದರೆ ಹೇಳಿದ: ಕುಂದಗೋಳ ತಾಲ್ಲೂಕಿನ ಹಳ್ಳಿಯವನು, ಪಿಯುಸಿ ಮೊದಲನೇ ವರ್ಷಕ್ಕೇ ಬಿಟ್ಟವನು, ಅಪ್ಪನಿಗೆ ಬೆನ್ನುಹುರಿಯ ಆಪರೇಶನ್ ಆಗಿತ್ತು. ಆರು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲೇ ಒಂದು ಕಡೆ ಸಂಜೆಯ ಸಿಎನ್‌ಸಿ ಕೋರ್ಸಿಗೆ 9,000 ರೂಪಾಯಿ ಕಟ್ಟಿದ್ದ. ಹನ್ನೊಂದು ದಿನ ಹೋಗಿ ಬಿಟ್ಟಿದ್ದ.

ಯಾಕೆ ಬಿಟ್ಟೆ ಎಂದೆ. ಅವನು ಕೊಟ್ಟ ಉತ್ತರವೇ ಈ ಪತ್ರಕ್ಕೆ ಮೂಲ.

"ಕ್ಲಾಸ್ ಆರೂವರಿಂದ ಎಂಟೂವರಿ ತನಕ ಇತ್ರಿ. ನಮ್ಮ ರೊಕ್ಕ ಬರೂದೇ ಏಳರಿಂದ ಹತ್ತೂವರಿ ಒಳಗ."

ಸಾಹೇಬರೇ, ದುಡಿಯುವ ಹುಡುಗರಿಗೆ ಕಲಿಸಬೇಕು ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಸಂಜೆ ಬ್ಯಾಚ್. ಅಂಗಡಿಯಲ್ಲಿ, ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಅದು ಸರಿ. ಊಟ ಸಾಗಿಸುವವನ ದಿನವೇ ಬೇರೆ. ಬೆಳಿಗ್ಗೆ ಹತ್ತರವರೆಗೆ ಆರ್ಡರ್ ಕಡಿಮೆ. ಹನ್ನೆರಡರಿಂದ ಮೂರರವರೆಗೆ ಓಟ. ಮೂರರಿಂದ ಆರರವರೆಗೆ ಯಾವುದಾದರೂ ಮರದ ಕೆಳಗೆ ಬೈಕ್ ನಿಲ್ಲಿಸಿ ಮೊಬೈಲ್ ನೋಡುತ್ತ ಕೂರುವುದು. ಏಳಾದ ಮೇಲೆ ವಿದ್ಯಾನಗರ, ಕೇಶ್ವಾಪುರ, ದೇಶಪಾಂಡೆ ನಗರ ಎಂದು ಮತ್ತೆ ಓಟ, ಮತ್ತು ಇನ್ಸೆಂಟಿವ್ ಬರುವುದು ಆ ಹೊತ್ತಿನಲ್ಲೇ. ಆ ಎರಡು ಗಂಟೆ ಕಿತ್ತುಕೊಂಡರೆ ಅವನ ದಿನದ ದುಡಿಮೆಯ ತಿರುಳೇ ಹೋಯಿತು. ಆಗ ಅವನ ಲೆಕ್ಕ ಹೀಗಿತ್ತು: ಒಳ್ಳೆಯ ದಿನ 16 ಆರ್ಡರ್, 850 ರೂಪಾಯಿ. ನೂರು ಕಿಲೋಮೀಟರ್ ಮೇಲೆ ಓಡಿದ್ದಕ್ಕೆ ಪೆಟ್ರೋಲು 230. ಕೈಯಲ್ಲಿ ಉಳಿದದ್ದು 620. ತಿಂಗಳಿಗೆ 26 ದಿನ ಓಡಿದರೆ 16,000 ಚಿಲ್ಲರೆ. ಅದರಲ್ಲಿ ಬೈಕಿನ ಕಂತು, ಆಯಿಲ್, ಟಯರ್, ರೂಮ್ ಬಾಡಿಗೆ, ಅಪ್ಪನ ಔಷಧಿ.

ನಾನು ಅವನಿಗೆ ಸೋಮವಾರ, ಗುರುವಾರ ಮಧ್ಯಾಹ್ನ ಮೂರೂವರೆಗೆ ಬಾ ಎಂದೆ. ಬಂದ. ನಾನು ಹೇಳಿಕೊಟ್ಟದ್ದನ್ನು ರಾತ್ರಿ ಕೊನೆಯ ಆರ್ಡರ್ ಮುಗಿಸಿ ಹನ್ನೊಂದೂವರೆಯಿಂದ ಒಂದರವರೆಗೆ ರೂಮಿನಲ್ಲಿ ಕೂತು ತಿದ್ದುತ್ತಿದ್ದ. ಜೊತೆಗಿದ್ದ ಇಬ್ಬರು ಮಲಗಿರುತ್ತಿದ್ದರು, ಲೈಟ್ ಹಚ್ಚುವಂತಿಲ್ಲ. ಒಂದು ಚಾರ್ಜಿಂಗ್ ಬ್ಯಾಟರಿ ಇಟ್ಟುಕೊಂಡು ಓದಿದ. ಅವನ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ.

ಮೊದಲ ಒಂದೂವರೆ ತಿಂಗಳು ಅವನ ಕೈಗೆ ಕೊಟ್ಟದ್ದು ವರ್ನಿಯರ್ ಒಂದೇ. 25 ಮಿ.ಮೀ. ವ್ಯಾಸದ ಒಂದು ಗ್ರೈಂಡ್ ಮಾಡಿದ ಪಿನ್ ಕೊಟ್ಟು, ಇದನ್ನೇ ಹತ್ತು ಸಲ ಅಳೆದು ಹತ್ತೂ ಸಲ ಬಂದದ್ದನ್ನು ಬರೆ ಎಂದೆ. 24.96 ಬಂತು, 25.04 ಬಂತು, ಒಮ್ಮೆ 25.08 ಬಂತು. ಪಿನ್ ಒಂದೇ, ವರ್ನಿಯರ್ ಒಂದೇ, ಹಾಗಾದರೆ ತಪ್ಪು ಕೈಯದು. ದವಡೆ ಸ್ವಲ್ಪ ಓರೆಯಾದರೂ ಅಳತೆ ಹೆಚ್ಚು ಬರುತ್ತದೆ. ಒತ್ತಿ ಹಿಡಿದರೆ ದವಡೆ ಬಾಗಿ ಕಡಿಮೆ ಬರುತ್ತದೆ. ಮೂರನೇ ವಾರಕ್ಕೆ ಹತ್ತೂ ಅಳತೆ 24.98 ಮತ್ತು 25.02ರ ಒಳಗೆ ಬಂದು ಕೂತವು. 0.02 ಅಂದರೆ ಆ ವರ್ನಿಯರ್ ತೋರಿಸುವ ಅತಿ ಸಣ್ಣ ಅಳತೆ, ಅದಕ್ಕಿಂತ ಒಳಗೆ ಅದು ಹೋಗುವುದಿಲ್ಲ. ಆಮೇಲೆ ಮೈಕ್ರೋಮೀಟರ್ ಕೊಟ್ಟೆ. ಅದರ ತುದಿಯ ರ‍್ಯಾಚೆಟ್ ತಿರುಗಿಸಿ ಟಿಕ್ ಟಿಕ್ ಎಂದು ಮೂರು ಸಲ ಕೇಳಿದ ಮೇಲೆ ಓದಬೇಕು. ಅಷ್ಟು ಮಾಡಿದರೆ ಒತ್ತಡ ಪ್ರತಿ ಸಲವೂ ಒಂದೇ ಇರುತ್ತದೆ.

ಇದಕ್ಕೇಕೆ ಇಷ್ಟು ಹೊತ್ತು ಎಂದು ನೀವು ಕೇಳಬಹುದು. ನಮ್ಮಲ್ಲಿ ಡ್ರಾಯಿಂಗ್ ಮೇಲೆ `Ø25 h7` ಎಂದು ಬರೆದಿರುತ್ತದೆ. ಅದರ ಅರ್ಥ, ದಂಡು 25.000ಕ್ಕಿಂತ ಒಂದು ಕೂದಲೆಳೆಯೂ ದಪ್ಪ ಆಗಬಾರದು, 24.979ಕ್ಕಿಂತ ಸಣ್ಣವೂ ಆಗಬಾರದು. ನಡುವೆ ಇರುವ ಜಾಗ 0.021 ಮಿ.ಮೀ. ಅಳೆಯುವ ಕೈಯೇ 0.04 ಅಲುಗಾಡುತ್ತಿದ್ದರೆ ಯಂತ್ರ ಎಷ್ಟು ಕೋಟಿಯದಾದರೂ ಪ್ರಯೋಜನವಿಲ್ಲ. ಎಷ್ಟೋ ಕೋರ್ಸುಗಳಲ್ಲಿ ಇದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ ಕಂಪ್ಯೂಟರ್ ಮುಂದೆ ಕೂರಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಪ್ರೋಗ್ರಾಮ್ ಬಂದದ್ದು ಆಮೇಲೆ. ಅದಕ್ಕೆ ಅವನ ರಾತ್ರಿಗಳು ಸಾಕಾದವು. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಸಿಮ್ಯುಲೇಟರ್ ಹಾಕಿಕೊಂಡು, ನಾನು ಕೊಟ್ಟ ಡ್ರಾಯಿಂಗಿಗೆ ಪ್ರೋಗ್ರಾಮ್ ಬರೆದು ಗೆರೆ ಓಡಿಸಿ ನೋಡುತ್ತಿದ್ದ. ಒಂದು ಗುರುವಾರ ಈ ನಾಲ್ಕು ಸಾಲಿನ ಮೇಲೆ ಜಗಳವೇ ಆಯಿತು. 50 ಮಿ.ಮೀ. ದಂಡಿನ ಮುಖವನ್ನು ಸಪಾಟಾಗಿ ಕತ್ತರಿಸುವ ಸಾಲುಗಳು ಇವು:

```
G50 S1800
G96 S150 M03
G00 X54.0 Z0.0
G01 X-1.6 F0.15
```

"ಕಾಕಾರ, ನಡುವ ಅಂದ್ರ ಸೊನ್ನಿ ಅಲ್ಲೇನ್ರಿ? ಮೈನಸ್ ಯಾಕ ಹೋಗಬೇಕು?"

ಟೂಲಿನ ತುದಿ ಸೂಜಿಯಲ್ಲ, ಅದು ದುಂಡಗಿರುತ್ತದೆ. ಟೂಲಿನ ತುದಿಗೆ ಕೂರಿಸುವ ಕತ್ತರಿಸುವ ಬಿಲ್ಲೆಗೆ ಇನ್ಸರ್ಟ್ ಎನ್ನುತ್ತೇವೆ, ನಾವು ಬಳಸುವ ಇನ್ಸರ್ಟಿನ ಮೂಗಿನ ತ್ರಿಜ್ಯ 0.8 ಮಿ.ಮೀ. ಸೊನ್ನೆಗೆ ನಿಲ್ಲಿಸಿದರೆ ದಂಡಿನ ನಟ್ಟನಡುವೆ ಜೋಳದ ಕಾಳಿಗಿಂತ ಸಣ್ಣದೊಂದು ಮೊಳಕೆ ಉಳಿಯುತ್ತದೆ. ಅದನ್ನು ದಾಟಿಸಬೇಕೆಂದರೆ 0.8 ಆಚೆ ಹೋಗಬೇಕು. ಲೇತಿನಲ್ಲಿ X ಎಂದರೆ ವ್ಯಾಸದ ಲೆಕ್ಕ, ಹಾಗಾಗಿ ಅದು 1.6 ಆಗುತ್ತದೆ. ಅವನ ಮೊಬೈಲಿನ ಸಿಮ್ಯುಲೇಟರ್ ಟೂಲನ್ನು ಒಂದು ಚುಕ್ಕಿ ಎಂದೇ ತಿಳಿದಿತ್ತು. ಸೊನ್ನೆಗೆ ನಿಲ್ಲಿಸಿದರೂ ಅಲ್ಲಿ ಮುಖ ಸಪಾಟಾಗಿಯೇ ಕಾಣುತ್ತಿತ್ತು. ಸ್ಕ್ರೀನ್ ಮೇಲೆ ಸರಿ, ಕಬ್ಬಿಣದ ಮೇಲೆ ತಪ್ಪು.

ಮೊದಲ ಸಾಲು ಇನ್ನೂ ಮುಖ್ಯ, ಅದು ತಿಳಿಯಬೇಕಾದರೆ ಎರಡನೇ ಸಾಲು ನೋಡಬೇಕು. `G96` ಎಂದರೆ ಟೂಲ್ ಎಲ್ಲಿದ್ದರೂ ಕತ್ತರಿಸುವ ವೇಗ ಒಂದೇ ಇರಲಿ, ನಿಮಿಷಕ್ಕೆ 150 ಮೀಟರ್ ಎಂದು ಯಂತ್ರಕ್ಕೆ ಹೇಳುವುದು. ಹಾಗಾಗಬೇಕಾದರೆ ವ್ಯಾಸ ಕಡಿಮೆಯಾದಂತೆ ದಂಡು ಜೋರಾಗಿ ತಿರುಗಬೇಕು. ಲೆಕ್ಕ `N = 1000 × V / (3.14 × D)`. ವ್ಯಾಸ 50 ಇದ್ದಾಗ ನಿಮಿಷಕ್ಕೆ ಸುಮಾರು 955 ಸುತ್ತು. 25ಕ್ಕೆ ಬಂದಾಗ 1,911. 10ಕ್ಕೆ ಬಂದಾಗ 4,777. ನಡುವಿಗೆ ಹತ್ತಿರವಾದಂತೆ ಯಂತ್ರ ತನ್ನ ಶಕ್ತಿ ಇರುವಷ್ಟೂ ಓಡಲು ನೋಡುತ್ತದೆ. ವೇಗ ಏರಿದಂತೆ ದಂಡನ್ನು ಹಿಡಿದಿರುವ ಚಕ್ಕಿನ ಹಲ್ಲುಗಳ ಹಿಡಿತ ಸಡಿಲವಾಗುತ್ತದೆ, ದಂಡು ಹಾರಿ ಬಾಗಿಲು ಒಡೆಯಬಹುದು. `G50 S1800` ಎಂಬ ಸಾಲು ಅದಕ್ಕೆ ಹಾಕುವ ಮೂಗುದಾಣ, 1,800ರ ಮೇಲೆ ಹೋಗಬೇಡ ಎಂದು. ಈ ಸಾಲು ಬಿಟ್ಟರೂ ಮೊಬೈಲಿನಲ್ಲಿ ಏನೂ ಆಗುವುದಿಲ್ಲ. ಅಲ್ಲಿ ಚಕ್ ಇಲ್ಲ, ಬಾಗಿಲಿಲ್ಲ, ಎದುರು ನಿಂತ ಮನುಷ್ಯನಿಲ್ಲ.

ಐದು ತಿಂಗಳಲ್ಲಿ ಹುಡುಗ ಡ್ರಾಯಿಂಗ್ ಓದುತ್ತಿದ್ದ, ಪ್ರೋಗ್ರಾಮ್ ಬರೆಯುತ್ತಿದ್ದ, ಅಳೆಯುತ್ತಿದ್ದ. ಒಂದು ಯಂತ್ರವನ್ನೂ ಮುಟ್ಟಿರಲಿಲ್ಲ. ಅಲ್ಲಿಗೆ ಬಂದು ನಿಂತ. ಟೂಲನ್ನು ದಂಡಿಗೆ ತಾಕಿಸಿ ಸೊನ್ನೆ ಹಿಡಿಯುವುದು, ಕತ್ತರಿಸುವಾಗ ಗುಂಯ್ ಎನ್ನುವ ಸದ್ದು ಯಾವಾಗ ಕಿರ್ರ್ ಎನ್ನಲು ಶುರುವಾಯಿತು ಎಂದು ಕೇಳಿಸಿಕೊಳ್ಳುವುದು, ಸುರುಳಿ ಸುರುಳಿಯಾಗಿ ತುಂಡಾಗಿ ಬೀಳಬೇಕಾದ ಚಿಪ್ಸು ಉದ್ದ ದಾರದಂತೆ ಬಂದು ಚಕ್ಕಿಗೆ ಸುತ್ತಿಕೊಂಡಾಗ ಏನು ಮಾಡಬೇಕು ಎಂಬುದು, ಇವು ಮೂರೂ ನನ್ನ ಮನೆಯ ಟೇಬಲ್ ಮೇಲೆ ಕಲಿಸಲು ಆಗುವಂಥವಲ್ಲ.

ನಾನು ಒಬ್ಬ ಪರಿಚಯದವರ ಕಾಲಿಗೆ ಬಿದ್ದೆ ಎಂದೇ ಹೇಳಬೇಕು. ಅವರದು ಎರಡು ಸಿಎನ್‌ಸಿ ಇರುವ ಸಣ್ಣ ಶೆಡ್ಡು. ಕೆಲಸ ಶುರುವಾಗುವುದು ಬೆಳಿಗ್ಗೆ ಒಂಬತ್ತಕ್ಕೆ. ಅದಕ್ಕೆ ಮುಂಚೆ ಯಂತ್ರ ಸುಮ್ಮನೆ ನಿಂತಿರುತ್ತದೆ. ವಾರಕ್ಕೆ ಎರಡು ದಿನ ಏಳರಿಂದ ಒಂಬತ್ತರವರೆಗೆ ಹುಡುಗ ಬರಲಿ, ನಾನು ಜೊತೆಗಿರುತ್ತೇನೆ, ತುಂಡು ಕಬ್ಬಿಣ ನಾವೇ ತರುತ್ತೇವೆ, ಇನ್ಸರ್ಟ್ ಮುರಿದರೆ ದುಡ್ಡು ಕೊಡುತ್ತೇವೆ ಎಂದೆ. ಒಪ್ಪಿದರು. ದೊಡ್ಡ ಮನಸ್ಸು ಅವರದು. ನಾಲ್ಕು ತಿಂಗಳು ನಡೆಯಿತು. ನಾನು ಲೆಕ್ಕ ಬರೆದಿಟ್ಟಿದ್ದೆ: ಒಟ್ಟು 64 ಗಂಟೆ. ಮುರಿದ ಇನ್ಸರ್ಟ್ ಏಳು. ಟೂಲ್ ಜೋರಾಗಿ ಬಡಿದದ್ದು ಒಂದೇ ಸಲ, ಅದೂ ವೇಗದ ಗುಂಡಿ ಶೇಕಡಾ 25ರಲ್ಲಿ ಇಟ್ಟಿದ್ದರಿಂದ ಯಂತ್ರಕ್ಕೇನೂ ಆಗಲಿಲ್ಲ. ಆ 64 ಗಂಟೆಯಲ್ಲಿ ಅವನ ಒಂದು ಡಿನ್ನರ್ ಹೊತ್ತೂ ಹಾಳಾಗಲಿಲ್ಲ.

2022ರ ದೀಪಾವಳಿ ಮುಗಿದ ಮೇಲೆ ತಾರಿಹಾಳದ ಕಡೆ ಒಂದು ಕಾರ್ಖಾನೆಯಲ್ಲಿ ಟ್ರೈನಿ ಆಗಿ ತಗೊಂಡರು. ಸಂಬಳ 11,500. ಇಲ್ಲಿ ನೀವು ಸ್ವಲ್ಪ ನಿಲ್ಲಬೇಕು. ಬೈಕ್ ಓಡಿಸಿ 16,000 ತರುತ್ತಿದ್ದವನು ಹೆಚ್ಚಿನ ಸಂಬಳದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಮೊದಲು 4,500 ರೂಪಾಯಿ ಕೆಳಗೆ ಇಳಿಯಬೇಕು. ನನಗೆ ಗೊತ್ತಿರುವ ಇನ್ನಿಬ್ಬರು ಹುಡುಗರು ಇದೇ ಮೆಟ್ಟಿಲ ಮೇಲೆ ವಾಪಸ್ ಬೈಕ್ ಹತ್ತಿದರು. ಅವರನ್ನು ಸೋಮಾರಿ ಎನ್ನುವ ಅಧಿಕಾರ ಯಾರಿಗೂ ಇಲ್ಲ, ಮನೆಯಲ್ಲಿ ಉಣ್ಣುವವರು ಕಾಯುತ್ತಿರುತ್ತಾರೆ. ನಮ್ಮ ಹುಡುಗ ಬೈಕ್ ಬಿಡಲಿಲ್ಲ. ಬೆಳಗಿನ ಆರರಿಂದ ಮಧ್ಯಾಹ್ನ ಎರಡರ ಶಿಫ್ಟ್ ಕೇಳಿ ಹಾಕಿಸಿಕೊಂಡ. ವಾರಕ್ಕೆ ನಾಲ್ಕು ದಿನ ಏಳೂವರೆಯಿಂದ ಹತ್ತೂವರೆ ತನಕ ಪಾರ್ಸಲ್ ಓಡಿಸಿದ. ಅದರಿಂದ ತಿಂಗಳಿಗೆ 5,000 ಬಂದು ತೂತು ಮುಚ್ಚಿತು. ನಾಲ್ಕೂವರೆಗೆ ಏಳಬೇಕಾದವನು ಹನ್ನೊಂದಕ್ಕೆ ಮಲಗುತ್ತಿದ್ದ. ಎಂಟು ತಿಂಗಳು ಹೀಗೆ ಮಾಡಿದ. ಕಣ್ಣ ಕೆಳಗೆ ಕಪ್ಪಾಗಿತ್ತು. ಬೈಕ್ ಮೇಲೆ ನಿದ್ದೆ ಹೋದೀತು ಎಂಬ ಹೆದರಿಕೆ ನನಗೆ ದಿನಾ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಅಲ್ಲಿ ಎರಡನೇ ತಿಂಗಳು ಆದ ಒಂದು ಘಟನೆ ಹೇಳಬೇಕು. ಈ ಕೆಲಸದಲ್ಲಿ ಆಪರೇಟರ್ ಮತ್ತು ಸೆಟ್ಟರ್ ನಡುವಿನ ಅಂತರ ಎಂಥದ್ದು ಎಂಬುದು ಅದರಿಂದ ತಿಳಿಯುತ್ತದೆ.

ನಲವತ್ತು ಸ್ಟೆಮ್‌ಗಳ ಬ್ಯಾಚು, ಅದೇ `Ø25 h7`. ಒಂದು ಸ್ಟೆಮ್ ಅಳೆದ, 25.06 ಬಂತು. ನಡುಮಧ್ಯ ಅಂದರೆ 24.99ಕ್ಕೆ ತರಬೇಕು, 0.07 ಇಳಿಸಬೇಕು. ಟೂಲಿನ ಜಾಗ ತಿದ್ದುವ ಆಫ್‌ಸೆಟ್ ಪುಟಕ್ಕೆ ಹೋಗಿ, ಸವೆತಕ್ಕೆ ತಕ್ಕ ತಿದ್ದುಪಡಿ ಬರೆಯುವ ವೇರ್ ಕಾಲಮ್ಮಿನಲ್ಲಿ ಆ ಟೂಲಿನ ಎದುರು `-0.07` ಎಂದು ಹೊಡೆದು `INPUT` ಒತ್ತಿದ. ಅದೇ ಸ್ಟೆಮ್ಮಿನ ಮೇಲೆ ಇನ್ನೊಮ್ಮೆ ಓಡಿಸಿದ, ಟೂಲ್ ಕತ್ತರಿಸಲೇ ಇಲ್ಲ, ಗಾಳಿಯಲ್ಲಿ ಓಡಿತು. ಮುಂದಿನ ಸ್ಟೆಮ್ 25.11 ಬಂತು. ಕಡಿಮೆ ಮಾಡಿದರೆ ಹೆಚ್ಚಾಗಿದೆ.

ಅವನ ಜಾಗದಲ್ಲಿ ಬೇರೆ ಹುಡುಗನಿದ್ದರೆ ಗಾಬರಿಯಲ್ಲಿ ಇನ್ನೊಂದು `-0.07`, ಆಮೇಲೆ ಇನ್ನೊಂದು ಎಂದು ಒತ್ತಿ ಕೆಡಿಸುತ್ತಿದ್ದ. ಇವನು ಯಂತ್ರ ನಿಲ್ಲಿಸಿ ಸೆಟ್ಟರನ್ನು ಕರೆದ, ತಾನು ಏನು ಒತ್ತಿದೆ ಎಂದು ಇದ್ದದ್ದು ಇದ್ದಂತೆ ಹೇಳಿದ. ಆ ಕಾಲಮ್ಮಿನಲ್ಲಿ ಮೊದಲೇ -0.12 ಇತ್ತು, ಹಿಂದಿನ ಶಿಫ್ಟಿನವರು ತಿದ್ದುತ್ತ ಬಂದದ್ದು. ಆ ಯಂತ್ರದಲ್ಲಿದ್ದ ಫ್ಯಾನುಕ್ ಕಂಪನಿಯ ಕಂಟ್ರೋಲಿನಲ್ಲಿ `INPUT` ಒತ್ತಿದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. `+INPUT` ಒತ್ತಿದರೆ ಹಳೆಯದಕ್ಕೆ ಕೂಡಿಸುತ್ತದೆ. ಅವನು ಕೂಡಿಸಿದ್ದರೆ -0.19 ಆಗಬೇಕಿತ್ತು. ಅಳಿಸಿ ಬರೆದದ್ದರಿಂದ -0.07 ಆಗಿ ಕೂತಿತು. -0.12ರಿಂದ -0.07ಕ್ಕೆ ಬಂದರೆ ಟೂಲ್ ದಂಡಿನಿಂದ ಹಿಂದೆ ಸರಿದಂತೆ. ಸ್ಟೆಮ್ 0.05 ದಪ್ಪವಾಗುವುದು ಸಹಜ, 25.06 ಹೋಗಿ 25.11.

ದೇವರ ದಯೆಯಿಂದ ತಪ್ಪು ದಪ್ಪದ ಕಡೆ ಆಗಿತ್ತು. ದಪ್ಪ ಉಳಿದ ದಂಡನ್ನು ಮತ್ತೆ ಕತ್ತರಿಸಬಹುದು. ಸಣ್ಣವಾದದ್ದು ಗುಜರಿಗೆ. ಎರಡೂ ಸ್ಟೆಮ್‌ಗಳನ್ನು ಉಳಿಸಿಕೊಂಡರು. ಅವನು ಅಂದು ರಾತ್ರಿ ನನಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದಾಗ ನಾನು ಕೇಳಿದ್ದು ಒಂದೇ: ಆ 25.06 ಅಳೆದದ್ದು ಯಾವಾಗ, ಚಕ್ಕಿನಿಂದ ತೆಗೆದ ಕೂಡಲೇ ಏನು? ಹೌದೆಂದ. ಕತ್ತರಿಸಿದ ಸ್ಟೇನ್‌ಲೆಸ್ ಬಿಸಿಯಾಗಿರುತ್ತದೆ, ಬಿಸಿ ದಂಡು ಉಬ್ಬಿರುತ್ತದೆ. ಕೋಣೆಯ ಬಿಸಿಗಿಂತ 30 ಡಿಗ್ರಿ ಹೆಚ್ಚಿದ್ದರೆ 25 ಮಿ.ಮೀ. ಸ್ಟೆಮ್ ಸುಮಾರು 0.012 ದಪ್ಪ ತೋರಿಸುತ್ತದೆ. ನಮಗಿರುವ ಜಾಗವೇ 0.021, ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಸಿಯೇ ನುಂಗಿಹಾಕುತ್ತದೆ. ಬಿಸಿಯಲ್ಲಿ ಅಳೆದು ಸರಿ ಎಂದು ಕಳಿಸಿದ್ದು ಮರುದಿನ ಇನ್ಸ್‌ಪೆಕ್ಷನ್ ಟೇಬಲ್ ಮೇಲೆ ಸಣ್ಣವಾಗಿ ವಾಪಸ್ ಬರುತ್ತದೆ. ಅಂದಿನಿಂದ ಅವನು ಸ್ಟೆಮ್ಮನ್ನು ಕೂಲೆಂಟಿನಲ್ಲಿ ಅದ್ದಿ, ಒರೆಸಿ, ಎರಡು ನಿಮಿಷ ಬಿಟ್ಟು ಅಳೆಯಲು ಶುರು ಮಾಡಿದ.

ಇನ್ನೊಂದನ್ನೂ ಮಾಡಿದ, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಐದು ಸ್ಟೆಮ್‌ಗೊಮ್ಮೆ ಅಳತೆಯನ್ನು ಪುಸ್ತಕದಲ್ಲಿ ಬರೆದಿಡತೊಡಗಿದ. 24.984, 24.987, 24.991 ಎಂದು ಅಳತೆ ಏರುತ್ತ ಹೋಗುವುದು ಅದರಲ್ಲಿ ಎದ್ದು ಕಂಡಿತು. ಇನ್ಸರ್ಟಿನ ಮೂಗು ಸವೆಯುತ್ತಿದ್ದರೆ ದಂಡು ಹೀಗೆ ನಿಧಾನವಾಗಿ ದಪ್ಪವಾಗುತ್ತದೆ. 25.000 ಮುಟ್ಟುವ ಮುಂಚೆಯೇ -0.01 ಕೂಡಿಸಿ ಹಿಡಿದು ನಿಲ್ಲಿಸಿದ. ಯಾವ ಸ್ಟೆಮ್ ಹೊತ್ತಿಗೆ ಇನ್ಸರ್ಟ್ ಬದಲಿಸಬೇಕು ಎಂಬುದನ್ನು ಅವನ ಪುಸ್ತಕ ನೋಡಿ ಸೆಟ್ಟರೇ ಹೇಳತೊಡಗಿದರು. ಹೇಳಿದ ಪ್ರೋಗ್ರಾಮ್ ಓಡಿಸುವವನಿಗೆ ಆಪರೇಟರ್ ಸಂಬಳ. ಅಳತೆ ಎತ್ತ ಸಾಗುತ್ತಿದೆ ಎಂದು ಮೊದಲೇ ಕಂಡು ತಿದ್ದುವವನಿಗೆ ಸೆಟ್ಟರ್ ಸಂಬಳ.

ಎಂಟು ತಿಂಗಳಿಗೆ ಆಪರೇಟರ್ ಆದ, 15,500, ಪಿಎಫ್ ಮತ್ತು ಇಎಸ್ಐ ಸೇರಿ. ಅಪ್ಪನ ಫಾಲೋ-ಅಪ್ಪಿಗೆ ಆ ಇಎಸ್ಐ ಎಷ್ಟು ನೆರವಾಯಿತು ಎಂಬುದನ್ನು ಅವನ ಅವ್ವನ ಬಾಯಲ್ಲಿ ಕೇಳಬೇಕು. ಪಾರ್ಸಲ್ ಬಿಟ್ಟದ್ದು ಆಗ. 2024ರ ಕೊನೆಗೆ ಸೆಟ್ಟರ್ ಆಗಿ 23,000. ಈಗ ನಾಲ್ಕು ಯಂತ್ರ ನೋಡಿಕೊಂಡು ಹೊಸ ಜಾಬಿಗೆ ತಾನೇ ಪ್ರೋಗ್ರಾಮ್ ಬರೆಯುತ್ತಾನೆ, 28,000 ಬರುತ್ತದೆ. ಅವನ ಕೈಯಲ್ಲಿ ಇಂದಿಗೂ ಒಂದು ಸರ್ಟಿಫಿಕೇಟ್ ಇಲ್ಲ. ಇನ್ನೊಂದು ಊರಿಗೆ ಹೋಗಿ ಕೆಲಸ ಕೇಳಿದರೆ ತೋರಿಸಲು ಇರುವುದು ಆ ಅಳತೆಯ ಪುಸ್ತಕ ಮಾತ್ರ.

ಮಾನ್ಯರೇ, ನಾನು ಕೇಳುವುದು ಇಷ್ಟು.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಕೈಗಾರಿಕೆಗಳ ಸಹಭಾಗಿತ್ವದಲ್ಲಿ 4,700 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ಟೆಕ್ನಾಲಜಿ ಹಬ್‌ಗಳಾಗಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಹುಬ್ಬಳ್ಳಿಯಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಇದೆ. ಯಂತ್ರಗಳಿಗೆ ಕೊರತೆ ಎಂದು ನಾನು ಹೇಳುವುದಿಲ್ಲ. ಹಗಲು ರೆಗ್ಯುಲರ್ ವಿದ್ಯಾರ್ಥಿಗಳು ಅವುಗಳ ಮೇಲಿರುತ್ತಾರೆ, ಇರಲೇಬೇಕು. ಹಾಗಾಗಿ ರೈಡರ್ ಹುಡುಗರಿಗೆ ಮಧ್ಯಾಹ್ನ ಬಿಡುವಿದ್ದರೂ ಯಂತ್ರ ಸಿಗುವುದಿಲ್ಲ. ಸಂಜೆ ಯಂತ್ರ ಸಿಕ್ಕರೂ ಹುಡುಗರು ಬರಲಾರರು. ಯಂತ್ರಕ್ಕೂ ಹುಡುಗರಿಗೂ ಬಿಡುವಿರುವ ಹೊತ್ತು ಒಂದೇ, ಬೆಳಿಗ್ಗೆ ಏಳರಿಂದ ಒಂಬತ್ತು. ಅವಳಿ ನಗರದಲ್ಲಿ ಮೊದಲು ಒಂದೇ ಒಂದು ಕೇಂದ್ರದಲ್ಲಿ, ಒಂದೇ ಒಂದು ಸಿಎನ್‌ಸಿ ಲೇತ್ ಅನ್ನು ಆ ಎರಡು ಗಂಟೆ ತೆರೆದಿಡಿ. ಒಬ್ಬನಿಗೆ ವಾರಕ್ಕೆ ಎರಡು ದಿನದಂತೆ ನಾಲ್ಕು ತಿಂಗಳಿಗೆ 64 ಗಂಟೆ ಆಗುತ್ತದೆ. ವಾರದ ಆರು ದಿನದಲ್ಲಿ ದಿನಕ್ಕೆ ಇಬ್ಬರಂತೆ ಆರು ಜನ. ವರ್ಷಕ್ಕೆ ಮೂರು ತಂಡ, 18 ಜನ. ಓದುವ ಭಾಗವನ್ನು ಅವರು ರಾತ್ರಿ ತಾವೇ ಓದುತ್ತಾರೆ, ಮುಂಜಾನೆಯ ಹೊತ್ತನ್ನು ಕ್ಲಾಸಿಗೆ ವ್ಯರ್ಥ ಮಾಡಬೇಡಿ.

ಇಬ್ಬರಿಗಿಂತ ಹೆಚ್ಚು ಜನರನ್ನು ಒಂದು ಯಂತ್ರಕ್ಕೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಇಪ್ಪತ್ತು ಜನ ಸುತ್ತ ನಿಂತು ಒಬ್ಬರು ಗುಂಡಿ ಒತ್ತುವುದನ್ನು ನೋಡಿದರೆ ಹಾಜರಿ ಪುಸ್ತಕ ತುಂಬುತ್ತದೆ, ಒಬ್ಬನಿಗೂ ಆಫ್‌ಸೆಟ್ ಬರುವುದಿಲ್ಲ.

ಕೊನೆಯಲ್ಲಿ ಪರೀಕ್ಷೆ ಇಡಿ, ಕಾಗದದ ಮೇಲೆ ಟಿಕ್ ಹಾಕುವ ಪರೀಕ್ಷೆ ಬೇಡ. ಒಂದು ಡ್ರಾಯಿಂಗ್, ಒಂದು ತುಂಡು ದಂಡು ಕೊಡಿ. ಆಫ್‌ಸೆಟ್ಟಿನಲ್ಲಿ ಬೇಕೆಂದೇ ಒಂದು ತಪ್ಪು ಸಂಖ್ಯೆ ಹಾಕಿಡಿ, ದಂಡು ದಪ್ಪ ಉಳಿಯುವ ಕಡೆಗೆ. ಅವನು ಅಳೆದು, ತಪ್ಪು ಎಲ್ಲಿದೆ ಎಂದು ಕಂಡುಹಿಡಿದು, ತಿದ್ದಿ, ಅದೇ ದಂಡನ್ನು `h7` ಒಳಗೆ ತಂದು ಕೊಟ್ಟರೆ ಸರ್ಟಿಫಿಕೇಟ್ ಕೊಡಿ. ಕಲಿತದ್ದನ್ನು ಪರೀಕ್ಷಿಸಿ ಮಾನ್ಯ ಮಾಡುವ ಆರ್‌ಪಿಎಲ್ ವ್ಯವಸ್ಥೆ ಈಗಾಗಲೇ ಇದೆ, ಹೊಸ ಕಾನೂನು ಬೇಕಿಲ್ಲ.

ಮತ್ತೆ ಆ 4,500 ರೂಪಾಯಿಯ ತೂತು. 2025ರಲ್ಲಿ ನಮ್ಮ ರಾಜ್ಯ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ತಂದಿದೆ. ಕಾರ್ಮಿಕನಿಗೆ ಪ್ರತಿ ವಹಿವಾಟಿನಲ್ಲಿ ಸಲ್ಲುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆದು ನಿಧಿ ಮಾಡುವ ಅವಕಾಶ ಅದರಲ್ಲಿದೆ. ಅಪಘಾತಕ್ಕೆ, ಆರೋಗ್ಯಕ್ಕೆ ಆ ಹಣ ಮೊದಲು ಹೋಗಲಿ, ಅದರಲ್ಲಿ ಎರಡು ಮಾತಿಲ್ಲ. ಆ ಕಾಯ್ದೆಯ ಮಂಡಳಿ ಯೋಜನೆಗಳನ್ನು ರೂಪಿಸುವಾಗ, ಆ ಪರೀಕ್ಷೆ ಪಾಸಾಗಿ ಟ್ರೈನಿಯಾಗಿ ಸೇರಿದವನಿಗೆ ಎಂಟು ತಿಂಗಳು ತಿಂಗಳಿಗೆ 4,500ರಂತೆ ಕೊಟ್ಟರೆ ಒಬ್ಬನಿಗೆ 36,000 ಆಗುತ್ತದೆ. ವರ್ಷಕ್ಕೆ 18 ಜನರೂ ಪಾಸಾದರೂ 6,48,000. ಎರಡು ಶಿಫ್ಟಿನ ಬದಲು ಒಂದೇ ಶಿಫ್ಟ್ ದುಡಿದು, ರಾತ್ರಿ ಬೈಕ್ ಮೇಲೆ ತೂಕಡಿಸದೆ ಅವರು ಆ ಮೆಟ್ಟಿಲು ದಾಟಬಹುದು.

ಅಷ್ಟು ಬೆಳಿಗ್ಗೆ ಸಿಬ್ಬಂದಿ ಎಲ್ಲಿಂದ ತರುವುದು ಎಂದು ನೀವು ಕೇಳುತ್ತೀರಿ, ನ್ಯಾಯವಾದ ಪ್ರಶ್ನೆ. ನಮ್ಮೂರಿನಲ್ಲಿ ನನ್ನಂತೆ ನಿವೃತ್ತರಾದ ಸೆಟ್ಟರುಗಳಿದ್ದಾರೆ, ಐದಕ್ಕೇ ಎಚ್ಚರವಾಗಿ ಕೂತಿರುತ್ತೇವೆ. ಮೂವರನ್ನು ಕೇಳಿದ್ದೇನೆ, ಮೂವರೂ ಒಪ್ಪಿದ್ದಾರೆ. ಚಿಗರಿ ಬಸ್ಸಿನ ಖರ್ಚು, ಒಂದು ಕಪ್ಪು ಚಹಾ ಇದ್ದರೆ ಸಾಕು. ವರ್ನಿಯರ್ ಎರಡು, ಮೈಕ್ರೋಮೀಟರ್ ಒಂದು ನನ್ನ ಹತ್ತಿರ ಇವೆ, ತರುತ್ತೇನೆ. ತನ್ನ ವಾರದ ರಜೆಯ ದಿನ ನಮ್ಮ ಹುಡುಗನೂ ಬರುತ್ತೇನೆಂದಿದ್ದಾನೆ. ಆಫ್‌ಸೆಟ್ ಪುಟ ತಾನೇ ಹೇಳಿಕೊಡುತ್ತಾನಂತೆ.

ಬೀಗದ ಕೈ ಯಾರ ಹತ್ತಿರ ಕೇಳಬೇಕು ಎಂದು ತಿಳಿಸಿದರೆ ಮೊದಲ ಸೋಮವಾರ ಆರೂ ಮುಕ್ಕಾಲಿಗೆ ಗೇಟಿನ ಹತ್ತಿರ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಟರ್ನರ್
ಗೋಕುಲ ರೋಡ್, ಹುಬ್ಬಳ್ಳಿ